ಭಾವನ ದುಡ್ಡು, ಭಾಮೈದನ ದುಡಿಮೆ

ತಾಲ್ಲೂಕು ಕೇಂದ್ರವೊಂದರ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ ಎಂದುಕೊಳ್ಳಿ. ಸಿಮೆಂಟು, ಪೈಪು, ಬಣ್ಣದ ಡಬ್ಬ, ಮೊಳೆ, ತಂತಿ ಎಲ್ಲ ಸಿಗುತ್ತದೆ. ಇಬ್ಬರು ಪಾಲುದಾರರು. ಹೆಚ್ಚಿನ ಹಣ ಹಾಕಿದವರು ಭಾವ. ಅವರಿಗೆ ಬೆಂಗಳೂರಿನಲ್ಲಿ ಬೇರೆ ವ್ಯಾಪಾರವಿದೆ, ಅಂಗಡಿಗೆ ಬರುವುದು ತಿಂಗಳಿಗೊಮ್ಮೆ. ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತಿ, ರಾತ್ರಿ ಒಂಬತ್ತಕ್ಕೆ ಇಳಿಸಿ, ನಡುವೆ ಮೇಸ್ತ್ರಿಗಳ ಬಾಕಿ ವಸೂಲಿಗೆ ಓಡಾಡುವವನು ಭಾಮೈದ. ಲಾಭ ಇಬ್ಬರಿಗೂ ಸಮಪಾಲು ಎಂದು ಅಕ್ಕನ ಎದುರಿಗೇ ಮಾತಾಗಿದೆ.

ಮಾರ್ಚ್ 31 ಬಂತು. ವರ್ಷದ ಲಾಭ 7,15,000 ರೂಪಾಯಿ. ಸಮಪಾಲು ಎಂದರೆ ತಲಾ 3,57,500. ಭಾವನ ಮನಸ್ಸು ಹೇಳುತ್ತದೆ: ‘ದುಡ್ಡೆಲ್ಲ ನನ್ನದು, ಬ್ಯಾಂಕಿನಲ್ಲಿಟ್ಟಿದ್ದರೂ ಬಡ್ಡಿ ಬರುತ್ತಿತ್ತು.’ ಭಾಮೈದನ ಮನಸ್ಸು ಹೇಳುತ್ತದೆ: ‘ವರ್ಷವಿಡೀ ದುಡಿದವನು ನಾನು, ಬೇರೆಯವರ ಅಂಗಡಿಯಲ್ಲಿ ನಿಂತಿದ್ದರೂ ಸಂಬಳ ಕೊಡುತ್ತಿದ್ದರು.’ ಇಬ್ಬರೂ ಹೇಳುವುದು ಸರಿಯೇ. ಪಾಲುದಾರಿಕೆಯ ಲೆಕ್ಕ ಶುರುವಾಗುವುದೇ ಈ ಎರಡು ಮಾತುಗಳಿಂದ.

ಅಂಗಡಿಗೆ ಪಾಲುದಾರರು ತಂದು ಹಾಕುವುದು ಮೂರು ಬಗೆಯದು: ಹಣ, ದುಡಿಮೆ ಮತ್ತು ನಷ್ಟವಾದರೆ ಹೊರುವ ಹೆಗಲು. ಹಣಕ್ಕೆ ಸಲ್ಲುವುದು ಬಂಡವಾಳದ ಮೇಲಿನ ಬಡ್ಡಿ. ದುಡಿಮೆಗೆ ಸಲ್ಲುವುದು ಪಾಲುದಾರನ ಸಂಬಳ. ಇವೆರಡೂ ಕಳೆದು ಉಳಿದದ್ದು, ಹೆಗಲು ಕೊಟ್ಟದ್ದಕ್ಕೆ ಸಿಗುವ ಲಾಭದ ಪಾಲು. ಮೂರನ್ನೂ ಒಂದೇ ‘ಸಮಪಾಲು’ ಎಂಬ ಮಾತಿನಲ್ಲಿ ಕಟ್ಟಿಹಾಕಿದರೆ ಒಬ್ಬರಿಗೆ ಅನ್ಯಾಯವಾಗಿಯೇ ತೀರುತ್ತದೆ.

ಬರೆಯದಿದ್ದರೆ ಕಾಯ್ದೆಯೇ ಬರೆಯುತ್ತದೆ

ಭಾವ-ಭಾಮೈದರ ನಡುವೆ ಬರಹದಲ್ಲಾಗಲಿ ಬಾಯಿಮಾತಿನಲ್ಲಾಗಲಿ ಇಂಥ ಒಪ್ಪಂದ ಇಲ್ಲದಿದ್ದರೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 13ನೆಯ ಸೆಕ್ಷನ್ ನಡುವೆ ಬರುತ್ತದೆ. ಅದರ ತೀರ್ಮಾನ ನೇರವಾದದ್ದು. ವ್ಯವಹಾರ ನಡೆಸಿದ್ದಕ್ಕೆ ಯಾವ ಪಾಲುದಾರನಿಗೂ ಸಂಬಳವಿಲ್ಲ. ಬಂಡವಾಳಕ್ಕೆ ಬಡ್ಡಿ ಕೇಳುವ ಹಕ್ಕಿಲ್ಲ. ಲಾಭವಾಗಲಿ ನಷ್ಟವಾಗಲಿ, ಯಾರು ಎಷ್ಟು ಹಣ ಹಾಕಿದ್ದಾರೆಂದು ನೋಡದೆ ಎಲ್ಲರಿಗೂ ಸಮ. ಬಂಡವಾಳದ ಆಚೆಗೆ ಅಂಗಡಿಗೆ ಕೈಗಡ ಕೊಟ್ಟ ಪಾಲುದಾರನಿಗೆ ಮಾತ್ರ ಆ ಹಣಕ್ಕೆ ವರ್ಷಕ್ಕೆ ಶೇಕಡಾ 6ರ ಬಡ್ಡಿ ಸಿಗುತ್ತದೆ.

ಅಂದರೆ, ಒಪ್ಪಂದವಿಲ್ಲದ ಅಂಗಡಿಯಲ್ಲಿ ನಮ್ಮ ಭಾಮೈದ ವರ್ಷವಿಡೀ ನಿಂತದ್ದಕ್ಕೆ ಕಾನೂನಿನ ಕಣ್ಣಲ್ಲಿ ಬೆಲೆ ಸೊನ್ನೆ. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಆದರೆ ಜಗಳದ ದಿನ ಅದನ್ನು ಸಾಬೀತು ಮಾಡುವುದು ಹೇಗೆ? ಆದ್ದರಿಂದ ಇಬ್ಬರೂ ಛಾಪಾ ಕಾಗದದ ಮೇಲೆ ಪಾಲುದಾರಿಕೆ ಪತ್ರ ಬರೆಸಿದ್ದರು ಎಂದಿಟ್ಟುಕೊಳ್ಳೋಣ. ಊರಿನಲ್ಲಿ ಇದನ್ನು ‘ಪಾರ್ಟ್ನರ್‌ಶಿಪ್ ಡೀಡ್’ ಎನ್ನುತ್ತಾರೆ. ಅದರಲ್ಲಿ ಮೂರು ಷರತ್ತು: ಬಂಡವಾಳಕ್ಕೆ ವರ್ಷಕ್ಕೆ ಶೇಕಡಾ 10 ಬಡ್ಡಿ, ಭಾಮೈದನಿಗೆ ತಿಂಗಳಿಗೆ 20,000 ಸಂಬಳ, ಉಳಿದ ಲಾಭ ಇಬ್ಬರಿಗೂ ಸಮ.

ಎರಡು ಖಾತೆ ಏಕೆ

ವರ್ಷದ ಮೊದಲ ದಿನ, ಏಪ್ರಿಲ್ 1ರಂದು, ಭಾವನ ಬಂಡವಾಳ 12,00,000. ಭಾಮೈದನದು 4,00,000. ಹಣ ಬ್ಯಾಂಕಿಗೆ ಬಂದಾಗ ಲೆಕ್ಕದ ಪುಸ್ತಕದಲ್ಲಿ ಬ್ಯಾಂಕ್ ಖಾತೆಗೆ ಡೆಬಿಟ್, ಅವರವರ ಬಂಡವಾಳ ಖಾತೆಗೆ ಕ್ರೆಡಿಟ್ ಬರೆಯುತ್ತಾರೆ. ಹಣ ತಂದವನಿಗೆ ಕ್ರೆಡಿಟ್ ಏಕೆ ಎಂದು ಹೊಸಬರು ಗಲಿಬಿಲಿಯಾಗುತ್ತಾರೆ. ಪುಸ್ತಕ ಅಂಗಡಿಯದು, ಪಾಲುದಾರನದಲ್ಲ. ಅಂಗಡಿ ಅವನಿಗೆ ಅಷ್ಟು ಕೊಡಬೇಕಿದೆ ಎಂಬುದೇ ಆ ಕ್ರೆಡಿಟ್‌ನ ಅರ್ಥ. ಇದೊಂದು ನೆನಪಿದ್ದರೆ ಮುಂದಿನ ನಮೂದುಗಳೆಲ್ಲ ತಾವಾಗಿಯೇ ಬಿಡಿಸಿಕೊಳ್ಳುತ್ತವೆ: ಪಾಲುದಾರನಿಗೆ ಸಲ್ಲಬೇಕಾದದ್ದು ಕ್ರೆಡಿಟ್, ಅವನು ಒಯ್ದದ್ದು ಡೆಬಿಟ್.

ಅಕ್ಟೋಬರ್ 1ರಂದು ದಸರಾ-ದೀಪಾವಳಿಯ ಮಾಲಿಗೆ ಹಣ ಸಾಲದೆ ಭಾವ ಇನ್ನೂ 3,00,000 ಕಳಿಸಿದರು. ಇದು ಬಂಡವಾಳವೋ, ಅಂಗಡಿಗೆ ಕೊಟ್ಟ ಸಾಲವೋ? ಕಳಿಸುವಾಗ ಯಾರೂ ಕೇಳುವುದಿಲ್ಲ, ಆಮೇಲೆ ಎಲ್ಲರೂ ಕೇಳುತ್ತಾರೆ. ಸಾಲವಾದರೆ ಬಡ್ಡಿ ಅಂಗಡಿಯ ಖರ್ಚು, ನಷ್ಟವಾದ ವರ್ಷವೂ ಕೊಡಲೇಬೇಕು. ಅಂಗಡಿ ಮುಚ್ಚುವ ದಿನ ಬಂದರೆ ಹೊರಗಿನವರ ಸಾಲ ತೀರಿದ ಮೇಲೆ, ಬಂಡವಾಳಕ್ಕಿಂತ ಮೊದಲು ಹಿಂದಿರುಗಬೇಕು. ಬಂಡವಾಳವಾದರೆ ಬಡ್ಡಿ ಲಾಭದಿಂದ ಮಾತ್ರ, ವಾಪಸಾಗುವುದು ಎಲ್ಲರ ಬಾಕಿಯೂ ತೀರಿದ ಮೇಲೆ. ನಮ್ಮ ಭಾವ ಜಾಣರು, ಕಳಿಸಿದ ದಿನವೇ ‘ಇದು ಬಂಡವಾಳಕ್ಕೆ’ ಎಂದು ಒಂದು ಚೀಟಿ ಬರೆದು ಇಬ್ಬರ ಸಹಿ ಹಾಕಿಸಿಟ್ಟರು.

ಬಂಡವಾಳ ಖಾತೆಯನ್ನು ಇಡುವ ರೀತಿ ಎರಡು. ಒಂದರಲ್ಲಿ ಬಡ್ಡಿ, ಸಂಬಳ, ಲಾಭ, ಮನೆಖರ್ಚಿಗೆ ತೆಗೆದ ಹಣ ಎಲ್ಲವೂ ಅದೇ ಖಾತೆಗೆ ಬೀಳುತ್ತವೆ. ಬಂಡವಾಳ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಇನ್ನೊಂದರಲ್ಲಿ ಬಂಡವಾಳ ಖಾತೆ ಅಲುಗಾಡದೆ ಇರುತ್ತದೆ, ಮಿಕ್ಕೆಲ್ಲವೂ ‘ಚಾಲ್ತಿ ಖಾತೆ’ ಎಂಬ ಬೇರೆ ಪುಟಕ್ಕೆ ಹೋಗುತ್ತವೆ. ಇದು ಬ್ಯಾಂಕಿನ ಚಾಲ್ತಿ ಖಾತೆಯಲ್ಲ, ಪುಸ್ತಕದೊಳಗಿನದು. ನಮ್ಮ ಅಂಗಡಿಯಲ್ಲಿ ಎರಡನೆಯ ಪದ್ಧತಿ. ಇದರ ಅನುಕೂಲ ಏನೆಂದರೆ, ಬಡ್ಡಿ ಲೆಕ್ಕ ಹಾಕುವ ಮೊತ್ತ ಯಾವುದು ಎಂಬ ಬಗ್ಗೆ ತಕರಾರೇ ಬರುವುದಿಲ್ಲ. ಏರಿಳಿಯುವ ಪದ್ಧತಿಯಲ್ಲಿ ಮಾರ್ಚ್ ಕೊನೆಯ ಬಾಕಿಗೇ ಬಡ್ಡಿ ಹಾಕಿಬಿಡುವುದು ಸಾಮಾನ್ಯ ತಪ್ಪು. ಆ ಬಾಕಿಯಲ್ಲಿ ಈ ವರ್ಷದ ಲಾಭವೂ ಸೇರಿರುತ್ತದೆ, ತೆಗೆದ ಹಣವೂ ಕಳೆದಿರುತ್ತದೆ. ಅವೆರಡನ್ನೂ ಹಿಂದಕ್ಕೆ ಸರಿಪಡಿಸಿ ಏಪ್ರಿಲ್‌ನ ಮೊತ್ತಕ್ಕೆ ಬಂದಮೇಲೆಯೇ ಬಡ್ಡಿ ಹಾಕಬೇಕು.

ಲಾಭ ಹಂಚುವ ದಿನ

ಬಾಡಿಗೆ, ಕರೆಂಟು, ಕೆಲಸದ ಹುಡುಗರ ಸಂಬಳ ಎಲ್ಲ ಕಳೆದು ಲಾಭ-ನಷ್ಟ ಖಾತೆಯಲ್ಲಿ 7,15,000 ಉಳಿಯಿತಷ್ಟೆ. ಅದನ್ನು ಇನ್ನೊಂದು ಖಾತೆಗೆ ಸಾಗಿಸುತ್ತಾರೆ. ಅದರ ಹೆಸರು ಲಾಭ-ನಷ್ಟ ವಿನಿಯೋಗ ಖಾತೆ. ಮೊದಲನೆಯ ಖಾತೆ ಅಂಗಡಿ ಗಳಿಸಿದ್ದು ಎಷ್ಟು ಎಂದು ಹೇಳುತ್ತದೆ, ಎರಡನೆಯದು ಆ ಗಳಿಕೆ ಯಾರಿಗೆ ಎಷ್ಟು ಹೋಯಿತು ಎಂದು. ಅಡುಗೆ ಮಾಡುವ ಪಾತ್ರೆ ಬೇರೆ, ಬಡಿಸುವ ಎಲೆ ಬೇರೆ.

ಮೊದಲ ಬಡಿಕೆ ಬಡ್ಡಿಯದು. ಭಾವನ 12,00,000ಕ್ಕೆ ವರ್ಷಪೂರ್ತಿ ಶೇಕಡಾ 10ರಂತೆ 1,20,000. ಅಕ್ಟೋಬರ್‌ನಲ್ಲಿ ಬಂದ 3,00,000ಕ್ಕೆ ಆರೇ ತಿಂಗಳು, ಹಾಗಾಗಿ 15,000. ಒಟ್ಟು 1,35,000. ಭಾಮೈದನ 4,00,000ಕ್ಕೆ 40,000. ಎರಡೂ ಸೇರಿ 1,75,000. ಎರಡನೆಯದು ಸಂಬಳ, ಹನ್ನೆರಡು ತಿಂಗಳಿಗೆ 2,40,000. ಉಳಿದದ್ದು ಸರಿಯಾಗಿ 3,00,000. ಅದರಲ್ಲಿ ತಲಾ 1,50,000.

ಪುಸ್ತಕದಲ್ಲಿ ಇದರ ನಮೂದು ಹೀಗೆ ಬೀಳುತ್ತದೆ:

- ಲಾಭ-ನಷ್ಟ ಖಾತೆ ಡೆಬಿಟ್ 7,15,000. ವಿನಿಯೋಗ ಖಾತೆ ಕ್ರೆಡಿಟ್ 7,15,000.
- ವಿನಿಯೋಗ ಖಾತೆ ಡೆಬಿಟ್ 1,75,000. ಭಾವನ ಚಾಲ್ತಿ ಖಾತೆ ಕ್ರೆಡಿಟ್ 1,35,000, ಭಾಮೈದನ ಚಾಲ್ತಿ ಖಾತೆ ಕ್ರೆಡಿಟ್ 40,000. ಇದು ಬಡ್ಡಿ.
- ವಿನಿಯೋಗ ಖಾತೆ ಡೆಬಿಟ್ 2,40,000. ಭಾಮೈದನ ಚಾಲ್ತಿ ಖಾತೆ ಕ್ರೆಡಿಟ್ 2,40,000. ಇದು ಸಂಬಳ.
- ವಿನಿಯೋಗ ಖಾತೆ ಡೆಬಿಟ್ 3,00,000; ಇಬ್ಬರ ಚಾಲ್ತಿ ಖಾತೆಗೂ ಕ್ರೆಡಿಟ್ 1,50,000. ಇದು ಲಾಭದ ಪಾಲು.

ಕೊನೆಯ ಸಾಲಿಗೆ ವಿನಿಯೋಗ ಖಾತೆ ಬರಿದಾಗಬೇಕು. ಒಂದು ರೂಪಾಯಿ ಉಳಿದರೂ ಎಲ್ಲೋ ತಪ್ಪಾಗಿದೆ ಎಂದೇ ಅರ್ಥ.

ಒಟ್ಟಿನಲ್ಲಿ ಭಾವನಿಗೆ ಸಂದದ್ದು 2,85,000, ಭಾಮೈದನಿಗೆ 4,30,000. ಪತ್ರ ಇಲ್ಲದಿದ್ದರೆ ತಲಾ 3,57,500 ಆಗುತ್ತಿತ್ತು. ಮೂರು ಷರತ್ತು ಬರೆದದ್ದರಿಂದ ಭಾಮೈದನ ಕಡೆಗೆ ಸರಿದದ್ದು 72,500 ರೂಪಾಯಿ. ಭಾವನಿಗೆ ಇದು ಕಹಿ ಎನಿಸಬಹುದು. ಆದರೆ ಅವರು ಅಂಗಡಿಗೆ ಒಬ್ಬ ಮ್ಯಾನೇಜರನನ್ನು ಇಟ್ಟಿದ್ದರೆ ಆ ಸಂಬಳ ಲಾಭಕ್ಕೆ ಮೊದಲೇ ಕಳೆದುಹೋಗುತ್ತಿತ್ತು.

ಒಯ್ದದ್ದು ಸಂಬಳವೋ, ಮನೆಖರ್ಚೋ

ಇನ್ನೊಂದು ಕಡೆ ಲೆಕ್ಕ ಸದ್ದಿಲ್ಲದೆ ಹಳಿ ತಪ್ಪುತ್ತದೆ. ಭಾಮೈದ ಪ್ರತಿ ತಿಂಗಳೂ ಗಲ್ಲಾಪೆಟ್ಟಿಗೆಯಿಂದ 25,000 ಒಯ್ದಿದ್ದಾನೆ, ವರ್ಷಕ್ಕೆ 3,00,000. ಅವನ ತಲೆಯಲ್ಲಿ ಅದು ಸಂಬಳ. ಪುಸ್ತಕದಲ್ಲಿ ಅದು ಸಂಬಳವಲ್ಲ, ‘ಡ್ರಾಯಿಂಗ್ಸ್’, ಅಂದರೆ ಸ್ವಂತ ಬಳಕೆಗೆ ತೆಗೆದ ಹಣ. ಸಂಬಳ ಎಂಬುದು ಅವನಿಗೆ ಸಲ್ಲಬೇಕಾದ 2,40,000, ಅದು ಕ್ರೆಡಿಟ್ ಆಗಿದೆ. ಒಯ್ದದ್ದು ಡೆಬಿಟ್. ಇವೆರಡನ್ನೂ ಒಂದೇ ಎಂದುಕೊಂಡು ಒಯ್ದ 3,00,000ವನ್ನೇ ‘ಸಂಬಳ ಖರ್ಚು’ ಎಂದು ಬರೆದರೆ, ಲಾಭ 60,000 ಕಡಿಮೆಯಾಗಿ ತೋರುತ್ತದೆ. ಅದರಲ್ಲಿ ಅರ್ಧ ಭಾವನ ಪಾಲಿನಿಂದ ಹೋದಂತೆ. ಭಾವನೂ ಮಗಳ ಕಾಲೇಜು ಫೀಸಿಗೆಂದು 60,000 ತರಿಸಿಕೊಂಡಿದ್ದರು.

ಮಾರ್ಚ್ 31ಕ್ಕೆ ಚಾಲ್ತಿ ಖಾತೆಗಳು ಹೀಗಿವೆ. ಭಾವನಿಗೆ ಸಲ್ಲುವ 2,85,000ದಲ್ಲಿ ಒಯ್ದ 60,000 ಕಳೆದು ಬಾಕಿ 2,25,000. ಭಾಮೈದನಿಗೆ ಸಲ್ಲುವ 4,30,000ದಲ್ಲಿ 3,00,000 ಕಳೆದು ಬಾಕಿ 1,30,000. ಬಂಡವಾಳ ಖಾತೆಗಳು 15,00,000 ಮತ್ತು 4,00,000. ನಾಲ್ಕೂ ಸೇರಿ 22,55,000.

ಇದು ಸರಿಯೋ ಎಂದು ನೋಡಲು ಸುಲಭದ ದಾರಿಯಿದೆ. ಏಪ್ರಿಲ್‌ನ ಬಂಡವಾಳ 16,00,000, ನಡುವೆ ಬಂದ 3,00,000, ಲಾಭ 7,15,000 ಕೂಡಿಸಿ, ಇಬ್ಬರೂ ಒಯ್ದ 3,60,000 ಕಳೆಯಿರಿ. ಬರುವುದೂ 22,55,000. ಬಡ್ಡಿ, ಸಂಬಳ, ಪಾಲು ಎಂದು ಹೇಗೆ ಹಂಚಿದರೂ ಈ ಒಟ್ಟು ಬದಲಾಗುವುದಿಲ್ಲ. ಪಾಲುದಾರರ ಬಡ್ಡಿ-ಸಂಬಳಗಳು ನಿಜಕ್ಕೂ ಖರ್ಚಲ್ಲ, ಲಾಭವನ್ನೇ ಬೇರೆ ಬೇರೆ ಹೆಸರಿನಲ್ಲಿ ಹಂಚುವ ಬಗೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಸುಪ್ರೀಂ ಕೋರ್ಟ್ ಚಿದಂಬರಂ ಪಿಳ್ಳೈ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ. ಪಾಲುದಾರನಿಗೂ ಸಂಸ್ಥೆಗೂ ನಡುವೆ ಮಾಲೀಕ-ನೌಕರ ಸಂಬಂಧ ಇರಲಾರದು, ತನ್ನನ್ನು ತಾನೇ ನೌಕರಿಗೆ ಇಟ್ಟುಕೊಳ್ಳಲು ಬರುವುದಿಲ್ಲ. ಆದ್ದರಿಂದ ಪಾಲುದಾರನ ಸಂಬಳ ಲಾಭದ್ದೇ ಒಂದು ಭಾಗ.

ಮರೆತ ಬಡ್ಡಿ

ಲೆಕ್ಕ ಬರೆದವರು ಬಡ್ಡಿಯ ಷರತ್ತನ್ನೇ ಗಮನಿಸದೆ, ಸಂಬಳ ಮಾತ್ರ ಕಳೆದು ಉಳಿದದ್ದನ್ನು ಹಂಚಿಬಿಟ್ಟಿದ್ದರೆ? ಆಗ 4,75,000 ಉಳಿದು ತಲಾ 2,37,500 ಸಂದಿರುತ್ತದೆ. ಭಾವನಿಗೆ ಬರಬೇಕಾದದ್ದು 2,85,000, ಬಂದದ್ದು 2,37,500, 47,500 ಕಡಿಮೆ. ಭಾಮೈದನಿಗೆ ಬರಬೇಕಾದದ್ದು 4,30,000, ಬಂದದ್ದು 4,77,500. ಅದೇ 47,500 ಹೆಚ್ಚು. ಹಳೆಯ ಪುಸ್ತಕ ಬಿಚ್ಚಿ ತಿದ್ದುವ ಅಗತ್ಯವಿಲ್ಲ. ಭಾಮೈದನ ಚಾಲ್ತಿ ಖಾತೆ ಡೆಬಿಟ್, ಭಾವನ ಚಾಲ್ತಿ ಖಾತೆ ಕ್ರೆಡಿಟ್ 47,500 ಎಂಬ ಒಂದೇ ನಮೂದು ಸಾಕು. ಆದರೆ ತಿದ್ದುಪಡಿಯ ಲೆಕ್ಕದಲ್ಲಿ ಎಲ್ಲರ ಹೆಚ್ಚು-ಕಡಿಮೆ ಕೂಡಿದರೆ ಸೊನ್ನೆ ಬರಬೇಕು. ಬಾರದಿದ್ದರೆ ನಮೂದು ಹಾಕಬೇಡಿ.

ಲಾಭ ಸಾಲದ ವರ್ಷ

ಪಾಲುದಾರಿಕೆ ಪತ್ರ ಚೆನ್ನಾಗಿ ಬರೆದಿದೆಯೋ ಇಲ್ಲವೋ ಎಂದು ಗೊತ್ತಾಗುವುದು ಲಾಭ ತುಂಬಿದ ವರ್ಷದಲ್ಲಿ ಅಲ್ಲ. ಮರುವರ್ಷ ಎದುರಿಗೇ ಇನ್ನೊಂದು ದೊಡ್ಡ ಅಂಗಡಿ ತೆರೆಯಿತು, ಲಾಭ 2,15,000ಕ್ಕೆ ಇಳಿಯಿತು. ಕೊಡಬೇಕಾದದ್ದು? ಭಾವನ 15,00,000ಕ್ಕೆ ಬಡ್ಡಿ 1,50,000, ಭಾಮೈದನ ಬಡ್ಡಿ 40,000, ಸಂಬಳ 2,40,000. ಒಟ್ಟು 4,30,000. ಇರುವುದು ಸರಿಯಾಗಿ ಅದರರ್ಧ.

ಭಾಮೈದ ಕೇಳುತ್ತಾನೆ: “ಭಾವ, ನನ್ನ ಸಂಬಳ ಮೊದಲು ಕಳೀಬೇಕಲ್ವಾ? ಬೆವರು ಸುರಿಸಿದ್ದು ನಾನು.” ಭಾವ ಹೇಳುತ್ತಾರೆ: “ಸಂಬಳ ಕಳೆದ್ರೆ ಅಂಗಡಿ ನಷ್ಟದಲ್ಲಿದೆಯಪ್ಪ. ನಷ್ಟದಲ್ಲಿ ಎಂಥ ಸಂಬಳ?”

ಉತ್ತರ ಪತ್ರದ ಒಂದು ವಾಕ್ಯದಲ್ಲಿದೆ. ಪತ್ರ ಬೇರೇನೂ ಹೇಳದಿದ್ದರೆ ಬಂಡವಾಳದ ಬಡ್ಡಿ ಲಾಭದಿಂದ ಮಾತ್ರ ಎಂದು ಕಾಯ್ದೆ ಹೇಳುತ್ತದೆ. ಸಂಬಳವನ್ನೂ ಲಾಭದ ಹಂಚಿಕೆ ಎಂದೇ ಹಿಡಿದರೆ, ಇರುವ ಲಾಭವನ್ನು ಕೊಡಬೇಕಾದ ಮೊತ್ತಗಳ ಅನುಪಾತದಲ್ಲಿ ಹಂಚುವುದು ಲೆಕ್ಕಶಾಸ್ತ್ರದ ವಾಡಿಕೆ. ಹಾಗೆ ಮಾಡಿದರೆ ಎಲ್ಲವೂ ಅರ್ಧಕ್ಕೆ ಇಳಿಯುತ್ತದೆ: ಭಾವನಿಗೆ 75,000, ಭಾಮೈದನಿಗೆ ಬಡ್ಡಿ 20,000 ಮತ್ತು ಸಂಬಳ 1,20,000, ಒಟ್ಟು 1,40,000.

ಬದಲಿಗೆ ಪತ್ರದಲ್ಲಿ ‘ಲಾಭವಿರಲಿ ಇಲ್ಲದಿರಲಿ ಬಡ್ಡಿ ಮತ್ತು ಸಂಬಳ ಕೊಡತಕ್ಕದ್ದು’ ಎಂದಿದ್ದರೆ ಇಡೀ ಲೆಕ್ಕ ತಿರುಗಿ ಬೀಳುತ್ತದೆ. ಆಗ 4,30,000 ಪೂರ್ತಿ ಕಳೆಯಬೇಕು. 2,15,000ದ ಲಾಭ 2,15,000ದ ನಷ್ಟವಾಗುತ್ತದೆ, ಅದನ್ನು ಇಬ್ಬರೂ ತಲಾ 1,07,500 ಹೊರಬೇಕು. ಭಾವನಿಗೆ ಬಡ್ಡಿ 1,50,000 ಬಂದು ನಷ್ಟ 1,07,500 ಹೋಗಿ ಕೈಗೆ 42,500. ಭಾಮೈದನಿಗೆ 2,80,000 ಬಂದು 1,07,500 ಹೋಗಿ 1,72,500. ಅಂಗಡಿ ಅದೇ, ಲಾಭ ಅದೇ. ಒಂದು ವಾಕ್ಯದಿಂದ 32,500 ರೂಪಾಯಿ ಭಾವನ ಖಾತೆಯಿಂದ ಭಾಮೈದನ ಖಾತೆಗೆ ಹೋಯಿತು.

ತೆರಿಗೆಯವರ ಪಾಲು

ಇಲ್ಲಿಯವರೆಗೆ ಆದಾಯ ತೆರಿಗೆಯನ್ನು ಬದಿಗಿಟ್ಟಿದ್ದೆವು. ಪಾಲುದಾರಿಕೆ ಸಂಸ್ಥೆಯ ಲಾಭಕ್ಕೆ ಶೇಕಡಾ 30 ತೆರಿಗೆ, ಅದರ ಮೇಲೆ ಶೇಕಡಾ 4 ಸೆಸ್. ಆ ತೆರಿಗೆ ಕಟ್ಟಿದ ಮೇಲೆ ಪಾಲುದಾರನ ಕೈಗೆ ಬರುವ ಲಾಭದ ಪಾಲಿಗೆ ಮತ್ತೆ ತೆರಿಗೆಯಿಲ್ಲ. ಲೆಕ್ಕಶಾಸ್ತ್ರ ಖರ್ಚಲ್ಲ ಎನ್ನುವ ಬಡ್ಡಿ-ಸಂಬಳವನ್ನು ತೆರಿಗೆ ಕಾನೂನು ಕೆಲವು ಷರತ್ತುಗಳೊಡನೆ ಕಳೆಯಲು ಬಿಡುತ್ತದೆ. ಬದಲಿಗೆ ಅವು ಪಾಲುದಾರನ ವೈಯಕ್ತಿಕ ಆದಾಯಕ್ಕೆ ಸೇರುತ್ತವೆ.

ಷರತ್ತುಗಳು ಹೀಗಿವೆ. ಬಡ್ಡಿಯೂ ಸಂಬಳವೂ ಪತ್ರದಲ್ಲಿ ಇರಬೇಕು, ಅದೂ ಪತ್ರದ ತಾರೀಖಿನಿಂದ ಮುಂದಕ್ಕೆ ಮಾತ್ರ. ಬಡ್ಡಿ ಶೇಕಡಾ 12ರವರೆಗೆ ಮಾತ್ರ. ಸಂಬಳ ದುಡಿಯುವ ಪಾಲುದಾರನಿಗೆ ಮಾತ್ರ; ತಿಂಗಳಿಗೊಮ್ಮೆ ಬಂದು ಹೋಗುವ ಭಾವನ ಹೆಸರಿಗೆ ಬರೆದರೆ ಕಳೆಯಲು ಬಿಡುವುದಿಲ್ಲ. ಸಂಬಳಕ್ಕೂ ಮಿತಿಯಿದೆ: 2024-25ರ ಹಣಕಾಸು ವರ್ಷದಿಂದ, ಬಡ್ಡಿ ಕಳೆದ ಲಾಭದ ಮೊದಲ 6,00,000ಕ್ಕೆ 3,00,000 ಅಥವಾ ಶೇಕಡಾ 90, ಯಾವುದು ಹೆಚ್ಚೋ ಅದು, ಅದಕ್ಕಿಂತ ಮೇಲಿನದಕ್ಕೆ ಶೇಕಡಾ 60. ನಮ್ಮ ಅಂಗಡಿಯ 2,40,000 ಈ ಮಿತಿಯೊಳಗೇ ಇದೆ.

ಮೊದಲ ವರ್ಷದ ಲೆಕ್ಕಕ್ಕೆ ಇದನ್ನು ಹಚ್ಚಿ ನೋಡಿ. ಪತ್ರವಿದ್ದರೆ ತೆರಿಗೆ ಬೀಳುವುದು 3,00,000ಕ್ಕೆ, ಸೆಸ್ ಸೇರಿ 93,600. ಹಾಗಾಗಿ ನಿಜಕ್ಕೂ ಹಂಚಲು ಸಿಗುವುದು 2,06,400, ತಲಾ 1,03,200. ಪತ್ರದಲ್ಲಿ ಬಡ್ಡಿ-ಸಂಬಳ ಬರೆಯದೆ ಇದ್ದಿದ್ದರೆ ಇಡೀ 7,15,000ಕ್ಕೆ ತೆರಿಗೆ, ಅಂದರೆ 2,23,080.

2025ರ ಏಪ್ರಿಲ್ 1ರಿಂದ ಇನ್ನೊಂದು ಕೆಲಸ ಸೇರಿದೆ. ಒಬ್ಬ ಪಾಲುದಾರನಿಗೆ ಸಲ್ಲುವ ಬಡ್ಡಿ, ಸಂಬಳ ಮುಂತಾದವು ವರ್ಷಕ್ಕೆ 20,000 ದಾಟಿದರೆ ಸಂಸ್ಥೆ ಶೇಕಡಾ 10 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಭಾವನ 1,35,000ಕ್ಕೆ 13,500, ಭಾಮೈದನ 2,80,000ಕ್ಕೆ 28,000. ಹಣ ಕೈಗೆ ಕೊಡದಿದ್ದರೂ ಖಾತೆಗೆ ಕ್ರೆಡಿಟ್ ಮಾಡಿದರೆ ಸಾಕು, ಈ ಹೊಣೆ ಬೀಳುತ್ತದೆ. ಲಾಭದ ಪಾಲಿಗೆ ಇದು ಇಲ್ಲ. ಬಂಡವಾಳ ವಾಪಸು ಕೊಟ್ಟರೆ ಅದಕ್ಕೂ ಇಲ್ಲ. ಯಾವ ಮೊತ್ತ ಯಾವ ಹೆಸರಿನಲ್ಲಿ ಚಾಲ್ತಿ ಖಾತೆಗೆ ಬಿತ್ತು ಎಂಬುದು ಈಗ ಬರೀ ಮನೆಯೊಳಗಿನ ಮಾತಾಗಿ ಉಳಿದಿಲ್ಲ.

ನೀವೂ ಅಣ್ಣತಮ್ಮಂದಿರೊಡನೆಯೋ ಗೆಳೆಯರೊಡನೆಯೋ ವ್ಯಾಪಾರ ಹೂಡಿದ್ದರೆ ಬೀರುವಿನಲ್ಲಿರುವ ಪತ್ರವನ್ನು ಒಮ್ಮೆ ತೆಗೆದು ನೋಡಿ. ಬಡ್ಡಿಯ ದರ, ಸಂಬಳದ ಮೊತ್ತ, ಉಳಿದ ಲಾಭದ ಅನುಪಾತ ಸಾಮಾನ್ಯವಾಗಿ ಇರುತ್ತವೆ. ಲಾಭ ಸಾಲದಿದ್ದರೆ ಏನು ಮಾಡಬೇಕು ಎಂಬ ವಾಕ್ಯ ಇದೆಯೇ ಹುಡುಕಿ. ಇಲ್ಲದಿದ್ದರೆ ಅದನ್ನು ಈ ವರ್ಷವೇ, ಲಾಭ ಚೆನ್ನಾಗಿರುವಾಗಲೇ, ಎಲ್ಲರೂ ಕೂತು ಬರೆಸಿಬಿಡಿ.